ತಿರುಚಿ ಟೇಪ್ ಸುತ್ತಬೇಡಿ, ಕನೆಕ್ಟರ್ ಹಾಕಿ

ನಮ್ಮ ಮನೆಯಲ್ಲಿ ಗೀಸರ್ ಆನ್ ಮಾಡಿದಾಗಲೆಲ್ಲ ಸುಟ್ಟ ಪ್ಲಾಸ್ಟಿಕ್ ವಾಸನೆ ಬರುತ್ತಿತ್ತು. ಜಂಕ್ಷನ್ ಬಾಕ್ಸ್ ಬಿಚ್ಚಿ ನೋಡಿದರೆ ಮೂರು ನ್ಯೂಟ್ರಲ್ ವೈರ್‌ಗಳನ್ನು ಸುಮ್ನೆ ಕೈಯಲ್ಲಿ ತಿರುಚಿ ಟೇಪ್ ಸುತ್ತಿದ್ದರು. ಟೇಪ್ ಕರಗಿ ಅಂಟಂಟಾಗಿತ್ತು. ಆದರೂ ಎಂಸಿಬಿ ಒಮ್ಮೆಯೂ ಟ್ರಿಪ್ ಆಗಿರಲಿಲ್ಲ. ಆಗುವುದೂ ಇಲ್ಲ. 2000 ವಾಟ್ ಗೀಸರ್ ಎಳೆಯುವುದು ಸುಮಾರು 8.7 ಆಂಪ್. ಸಡಿಲ ಜಾಯಿಂಟಿನಲ್ಲಿ ಅರ್ಧ ಓಮ್ ರೆಸಿಸ್ಟೆನ್ಸ್ ಸೇರಿಕೊಂಡರೆ ಅಲ್ಲೇ 38 ವಾಟ್‌ನಷ್ಟು ಶಾಖ. ಗೋಡೆಯೊಳಗೆ ಸಾಲ್ಡರಿಂಗ್ ಐರನ್ ಹಚ್ಚಿಟ್ಟ ಹಾಗೆ! ಕರೆಂಟ್ ಹೆಚ್ಚಾಗದ ಕಾರಣ 16 ಆಂಪ್ ಎಂಸಿಬಿಗೆ ಇದು ಗೊತ್ತೇ ಆಗುವುದಿಲ್ಲ.

ಹಂತ 1: ಮೇನ್ ಆಫ್ ಮಾಡಿ. ಮನೆಯಲ್ಲಿ ಯುಪಿಎಸ್ ಇದ್ದರೆ ಅದನ್ನೂ ಆಫ್ ಮಾಡಿ, ಇದನ್ನು ಮರೆಯುವವರೇ ಜಾಸ್ತಿ. ಟೆಸ್ಟರ್ ದೀಪ ಉರಿಯಲಿಲ್ಲ ಎಂದು ನಂಬಬೇಡಿ. ಮಲ್ಟಿಮೀಟರ್‌ನಿಂದ ಫೇಸ್-ನ್ಯೂಟ್ರಲ್, ಫೇಸ್-ಅರ್ತ್, ನ್ಯೂಟ್ರಲ್-ಅರ್ತ್ ಮೂರನ್ನೂ ನೋಡಿ.

ಹಂತ 2: ಕಪ್ಪಾದ ತುದಿಯನ್ನು ಕತ್ತರಿಸಿ, ಹೊಳೆಯುವ ತಾಮ್ರ ಸಿಗುವವರೆಗೆ. ವೈರ್ ಅಲ್ಯೂಮಿನಿಯಂ ಆಗಿದ್ದರೆ ಇಲ್ಲಿಗೇ ನಿಲ್ಲಿಸಿ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕರೆಯಿರಿ.

ಹಂತ 3: ಎಡವುವುದು ಇಲ್ಲೇ. ನಾನು ಲಿವರ್ ಇರುವ, ಪಾರದರ್ಶಕ ಮೈಯ ಕನೆಕ್ಟರನ್ನೇ ಹಾಕುತ್ತೇನೆ. ಸ್ಕ್ರೂ ಇರುವ ಬಿಳಿ ಸ್ಟ್ರಿಪ್ ಅಗ್ಗ, ಆದರೆ ಅದರ ಸ್ಕ್ರೂ ಸಣ್ಣ ಎಳೆಗಳನ್ನು ಕಡಿದು ಹಾಕುತ್ತದೆ. ಆಂಪ್, ವೈರ್ ಸೈಜ್ ಅಚ್ಚಾಗಿರದ ಕನೆಕ್ಟರ್ ಬೇಡವೇ ಬೇಡ.

ಎಷ್ಟು ಸುಲಿಯಬೇಕೆಂಬ ಅಳತೆ ಕನೆಕ್ಟರ್ ಮೈಮೇಲೇ ಇರುತ್ತದೆ. ನಾನು ಬಳಸುವುದರಲ್ಲಿ 11 ಮಿ.ಮೀ. ಕಡಿಮೆ ಸುಲಿದರೆ ಸ್ಪ್ರಿಂಗ್ ಪ್ಲಾಸ್ಟಿಕ್ ಮೇಲೆ ಕೂರುತ್ತದೆ, ಜಾಸ್ತಿ ಸುಲಿದರೆ ಬರಿ ತಾಮ್ರ ಹೊರಗೆ ಇಣುಕುತ್ತದೆ. ಹಲ್ಲಿನಿಂದ, ಬ್ಲೇಡಿನಿಂದ ಸುಲಿಯುವ ಚಾಳಿ ಬಿಡಿ. ನಾಲ್ಕೈದು ಎಳೆ ಕಡಿದರೆ 2.5 ಸ್ಕ್ವೇರ್ ಎಂಎಂ ವೈರ್ ಅಲ್ಲಿ ಅಷ್ಟೇ ತೆಳ್ಳಗಾಯಿತು. ಸ್ಟ್ರಿಪ್ಪರ್ ಬಳಸಿ.

ಎಳೆಗಳನ್ನು ನೆಟ್ಟಗೆ ಜೋಡಿಸಿ. ಲಿವರ್ ಪೂರ್ತಿ ಎತ್ತಿ, ತಾಮ್ರ ತುದಿ ಮುಟ್ಟುವವರೆಗೆ ತೂರಿಸಿ, ಲಿವರ್ ಒತ್ತಿ. ಒಂದು ತೂತಿಗೆ ಒಂದೇ ವೈರ್. ನನ್ನ ಬಾಕ್ಸಿನಲ್ಲಿ ಬೋರ್ಡಿನಿಂದ ಬಂದದ್ದು, ಗೀಸರ್‌ಗೆ ಹೋಗುವುದು, ವಾಷಿಂಗ್ ಮೆಷಿನ್ ಸಾಕೆಟ್‌ಗೆ ಹೋಗುವುದು ಎಂದು ಮೂರು ನ್ಯೂಟ್ರಲ್ ಇದ್ದವು, ಹಾಗಾಗಿ ಮೂರು ತೂತಿನದು ಹಾಕಿದೆ. ಫೇಸ್‌ಗೆ ಬೇರೆ, ಅರ್ತ್‌ಗೆ ಬೇರೆ. ಈಗ ಒಂದೊಂದೇ ವೈರನ್ನು ಗಟ್ಟಿಯಾಗಿ ಎಳೆಯಿರಿ. ಜಾರಿ ಬಂದರೆ ಹೊಸದಾಗಿ ಸುಲಿದು ಮತ್ತೆ ಹಾಕಿ. ಮೇಲೆ ಟೇಪ್ ಸುತ್ತಬೇಡಿ, ಒಳಗಿನದು ಕಾಣಬೇಕು ಅಲ್ವಾ?

ಹಂತ 4: ವೈರ್ ಮಡಚಿ, ಮುಚ್ಚಳ ಹಾಕಿ, ಗೀಸರನ್ನು 15 ನಿಮಿಷ ಓಡಿಸಿ. ಮತ್ತೆ ಎಲ್ಲ ಆಫ್ ಮಾಡಿ, ಮೀಟರ್ ಹಿಡಿದು ನೋಡಿ, ಆಮೇಲೆ ಕನೆಕ್ಟರ್ ಮುಟ್ಟಿ. ತುಸು ಬೆಚ್ಚಗಿದ್ದರೆ ಸರಿ. ಮೂರು ಕನೆಕ್ಟರ್‌ಗಳಲ್ಲಿ ಒಂದು ಮಾತ್ರ ಬಿಸಿಯಾಗಿದ್ದರೆ ಅದನ್ನು ಬಿಚ್ಚಿ ವೈರ್ ಮತ್ತೆ ಸುಲಿಯಿರಿ.