ಎಚ್ಚರ ತಪ್ಪಿ ಬಿದ್ದವರಿಗೆ ಎರಡು ಪರೀಕ್ಷೆ: ಟಿಲ್ಟ್ ಟೇಬಲ್ ಯಾರಿಗೆ, ಇ.ಪಿ. ಸ್ಟಡಿ ಯಾರಿಗೆ?

ಎಚ್ಚರ ತಪ್ಪಿ ಬಿದ್ದು, ನಿಮಿಷದೊಳಗೆ ತಾವಾಗಿಯೇ ಎದ್ದು ಕುಳಿತವರನ್ನು ವೈದ್ಯರ ಬಳಿಗೆ ಕರೆತರುವ ಮನೆಯವರು ಸಾಮಾನ್ಯವಾಗಿ ಹೇಳುವುದು ‘ಮೂರ್ಛೆ ಬಂತು’ ಎಂದು. ತೊಡಕು ಆ ಮಾತಿನಿಂದಲೇ ಆರಂಭವಾಗುತ್ತದೆ. ನಮ್ಮಲ್ಲಿ ಮೂರ್ಛೆ ಎಂದರೆ ಬವಳಿಯೂ ಹೌದು, ಪಿಡ್ಸ್ ಎಂದು ಕರೆಯುವ ಮೂರ್ಛೆರೋಗವೂ ಹೌದು. ಮಿದುಳಿಗೆ ಕೆಲವು ಕ್ಷಣ ರಕ್ತ ಸಾಲದೆ ಬಿದ್ದವರ ಕೈಕಾಲುಗಳೂ ಸ್ವಲ್ಪ ಹೊತ್ತು ಅದುರುವುದುಂಟು. ಅದನ್ನು ಕಂಡವರು ಕೈಗೆ ಕಬ್ಬಿಣ ಹಿಡಿಸುತ್ತಾರೆ, ಮುಂದೆ ಅನಗತ್ಯವಾಗಿ ಪಿಡ್ಸ್ ಮಾತ್ರೆಯೂ ಶುರುವಾಗಬಹುದು. ಆದ್ದರಿಂದ ವೈದ್ಯರಿಗೆ ಬೇಕಾಗಿರುವುದು ರೋಗದ ಹೆಸರಲ್ಲ, ನಡೆದದ್ದರ ವಿವರ: ನಿಂತಿದ್ದರೋ ಕುಳಿತಿದ್ದರೋ, ಬೀಳುವ ಮುನ್ನ ಬೆವರಿ ಹೊಟ್ಟೆ ತೊಳಸಿತೋ ಇಲ್ಲವೋ, ಮುಖ ಬಿಳಿಚಿಕೊಂಡಿತೋ, ಎಚ್ಚರವಾದ ಮೇಲೆ ಮಾತು ಸರಿಯಾಗಿತ್ತೋ. ಬಿದ್ದದ್ದನ್ನು ಕಣ್ಣಾರೆ ಕಂಡವರೊಬ್ಬರು ಜೊತೆಗೆ ಬಂದರೆ ಅರ್ಧ ಕೆಲಸ ಮುಗಿದಂತೆ.

ಈ ವಿವರ, ಮಲಗಿದಾಗ ಮತ್ತು ಎದ್ದು ನಿಂತಾಗ ಅಳೆದ ರಕ್ತದೊತ್ತಡ, ಒಂದು ಇಸಿಜಿ, ಬೇಕೆನಿಸಿದರೆ ಎಕೋ. ಇಷ್ಟರಲ್ಲೇ ಬಹಳ ಮಂದಿಗೆ ಕಾರಣ ತಿಳಿದುಬಿಡುತ್ತದೆ. ತಿಳಿಯದೆ ಉಳಿದವರ ವಿಷಯದಲ್ಲಿ ವೈದ್ಯರು ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳಿಕೊಳ್ಳುತ್ತಾರೆ. ರಕ್ತದೊತ್ತಡವನ್ನು ಕಾಯುವ ನರಗಳು ಎಡವುತ್ತಿವೆಯೇ ಎಂಬ ಪ್ರಶ್ನೆಗೆ ಟಿಲ್ಟ್ ಟೇಬಲ್ ಪರೀಕ್ಷೆ ಉತ್ತರ ಹುಡುಕುತ್ತದೆ. ಹೃದಯದೊಳಗಿನ ವಿದ್ಯುತ್ ದಾರಿಯಲ್ಲೇ ಅಡಚಣೆಯಿದೆಯೇ ಎಂಬುದಕ್ಕೆ ಎಲೆಕ್ಟ್ರೋಫಿಸಿಯಾಲಜಿ ಸ್ಟಡಿ, ಆಸ್ಪತ್ರೆಯವರ ಮಾತಿನಲ್ಲಿ ಇ.ಪಿ. ಸ್ಟಡಿ, ಬೇಕಾಗುತ್ತದೆ. ಒಂದು ಪರೀಕ್ಷೆಯ ಕೆಲಸವನ್ನು ಇನ್ನೊಂದು ಮಾಡಲಾರದು.

ಮೇಜು ಮೇಲೇಳುವಾಗ

ನಾವು ಎದ್ದು ನಿಂತ ಕೂಡಲೇ ಅರ್ಧ ಲೀಟರಿಗೂ ಹೆಚ್ಚು ರಕ್ತ ಕಾಲು ಮತ್ತು ಹೊಟ್ಟೆಯ ಕಡೆಗೆ ಇಳಿಯುತ್ತದೆ. ನರಗಳು ತಕ್ಷಣ ರಕ್ತನಾಳಗಳನ್ನು ಬಿಗಿಗೊಳಿಸಿ, ನಾಡಿಯನ್ನು ತುಸು ಏರಿಸಿ ಒತ್ತಡವನ್ನು ಕಾಪಾಡುತ್ತವೆ. ನಡೆಯುವಾಗ ಕಾಲಿನ ಸ್ನಾಯುಗಳೂ ರಕ್ತವನ್ನು ಮೇಲಕ್ಕೆ ಹಿಂಡಿ ನೆರವಾಗುತ್ತವೆ. ಟಿಲ್ಟ್ ಪರೀಕ್ಷೆಯ ಉಪಾಯವಿಷ್ಟೆ: ಸ್ನಾಯುಗಳ ಈ ನೆರವನ್ನು ತಪ್ಪಿಸಿ, ಅಲುಗಾಡದೆ ನಿಂತ ಸ್ಥಿತಿಯಲ್ಲಿ ನರಗಳು ಎಷ್ಟು ಹೊತ್ತು ತಡೆದುಕೊಳ್ಳುತ್ತವೆ ಎಂದು ನೋಡುವುದು. ಕಾರಣ ತಿಳಿಯದ ಬವಳಿಯ ತಪಾಸಣೆಗೆ ಇದು ಉಪಯೋಗಕ್ಕೆ ಬರುತ್ತದೆ ಎಂಬುದನ್ನು ಲಂಡನ್ನಿನ ವೈದ್ಯರು 1986ರಲ್ಲಿ ಪ್ರಕಟಿಸಿದರು.

ಪರೀಕ್ಷೆಗೆ ಮುನ್ನ ಎರಡರಿಂದ ನಾಲ್ಕು ಗಂಟೆ ಏನನ್ನೂ ತಿನ್ನಬಾರದು. ಬಿ.ಪಿ., ಪ್ರಾಸ್ಟೇಟ್ ಅಥವಾ ಖಿನ್ನತೆಯ ಮಾತ್ರೆಗಳಿದ್ದರೆ ಪಟ್ಟಿಯನ್ನು ಮೊದಲೇ ತೋರಿಸಬೇಕು. ಯಾವುದನ್ನು ನಿಲ್ಲಿಸಬೇಕೆಂದು ವೈದ್ಯರು ಹೇಳುತ್ತಾರೆ, ತಾವಾಗಿ ನಿಲ್ಲಿಸುವಂತಿಲ್ಲ. ಲೈಂಗಿಕ ದೌರ್ಬಲ್ಯಕ್ಕೆ ಕೊಡುವ ಸಿಲ್ಡೆನಫಿಲ್ ಜಾತಿಯ ಮಾತ್ರೆ ತೆಗೆದುಕೊಳ್ಳುವವರು ಸಂಕೋಚಪಡದೆ ಹೇಳಲೇಬೇಕು, ಏಕೆಂದರೆ ಪರೀಕ್ಷೆಯ ಎರಡನೆಯ ಭಾಗದಲ್ಲಿ ಕೊಡುವ ಔಷಧಿಯ ಜೊತೆ ಅದು ಸೇರಿದರೆ ರಕ್ತದೊತ್ತಡ ಅಪಾಯಕಾರಿಯಾಗಿ ಕುಸಿಯಬಹುದು.

ಕೊಠಡಿ ನಿಶ್ಶಬ್ದವಾಗಿದ್ದು ಬೆಳಕು ಮಂದವಾಗಿರುತ್ತದೆ. ಎದೆ ಮತ್ತು ಮೊಣಕಾಲಿನ ಬಳಿ ಪಟ್ಟಿ ಬಿಗಿದು, ಪಾದದಡಿ ಹಲಗೆಯಿರುವ ಮೇಜಿನ ಮೇಲೆ ಮಲಗಿಸುತ್ತಾರೆ. ಇಸಿಜಿ ನಿರಂತರವಾಗಿ ಓಡುತ್ತಿರುತ್ತದೆ. ಬೆರಳಿಗೆ ಹಾಕಿದ ಪಟ್ಟಿ ಪ್ರತಿ ಬಡಿತಕ್ಕೂ ರಕ್ತದೊತ್ತಡವನ್ನು ತೋರಿಸುತ್ತದೆ. ಕನಿಷ್ಠ ಐದು ನಿಮಿಷ ಹಾಗೆಯೇ ಮಲಗಿರಬೇಕು. ಕೈಗೆ ಸೂಜಿ ಚುಚ್ಚಿದ್ದರೆ ಈ ವಿರಾಮವನ್ನು ಇಪ್ಪತ್ತು ನಿಮಿಷಕ್ಕೆ ಏರಿಸಬೇಕು, ಏಕೆಂದರೆ ಸೂಜಿಯ ಹೆದರಿಕೆಯೇ ಬವಳಿ ತರಿಸಿ ಫಲಿತಾಂಶವನ್ನು ಕೆಡಿಸಬಹುದು. ಅವಸರದಲ್ಲಿ ಈ ವಿರಾಮವನ್ನು ಮೊಟಕುಗೊಳಿಸಿದ ಪರೀಕ್ಷೆಯನ್ನು ನಾನಂತೂ ನೆಚ್ಚುವುದಿಲ್ಲ.

ಆಮೇಲೆ ಮೇಜನ್ನು 60ರಿಂದ 70 ಡಿಗ್ರಿಯವರೆಗೆ ಎತ್ತುತ್ತಾರೆ. ಇಪ್ಪತ್ತು ನಿಮಿಷ, ಕೆಲವೆಡೆ ನಲವತ್ತೈದು ನಿಮಿಷದವರೆಗೂ, ಕಾಲು ಅಲುಗಿಸದೆ ನಿಲ್ಲಬೇಕು. ಏನೂ ಆಗದಿದ್ದರೆ ನಾಲಿಗೆಯಡಿಗೆ 300ರಿಂದ 400 ಮೈಕ್ರೋಗ್ರಾಂ ನೈಟ್ರೋಗ್ಲಿಸರಿನ್ ಕೊಟ್ಟು, ಇನ್ನೂ ಹದಿನೈದು ಇಪ್ಪತ್ತು ನಿಮಿಷ ಕಾಯುತ್ತಾರೆ. ಇದರಿಂದ ತಲೆನೋವು ಬರುವುದು ಸಾಮಾನ್ಯ.

ಉದಾಹರಣೆಗೆ, ಶಾಲೆಯ ಪ್ರಾರ್ಥನೆಯ ಹೊತ್ತಿನಲ್ಲಿ ಬಿಸಿಲಲ್ಲಿ ನಿಂತು ಎರಡು ಸಲ, ಮದುವೆಮನೆಯ ಸೆಕೆಯಲ್ಲಿ ಒಂದು ಸಲ ಬಿದ್ದ 26 ವರ್ಷದ ಶಿಕ್ಷಕಿಯೊಬ್ಬರು ಈ ಮೇಜಿನ ಮೇಲಿದ್ದಾರೆ ಎನ್ನೋಣ. ಮಲಗಿದ್ದಾಗ ಒತ್ತಡ 118/74, ನಾಡಿ 72. ಮೇಜು ಎದ್ದ ಮೇಲೆ ನಾಡಿ 88ಕ್ಕೆ ಏರಿ ನಿಂತಿತು. ಮೊದಲ ಇಪ್ಪತ್ತು ನಿಮಿಷ ಏನೂ ಆಗಲಿಲ್ಲ. ಔಷಧಿ ಕೊಟ್ಟ ಆರನೆಯ ನಿಮಿಷಕ್ಕೆ ಆಕಳಿಕೆ, ತಣ್ಣನೆಯ ಬೆವರು, ‘ಶಬ್ದವೆಲ್ಲ ದೂರವಾಯಿತು’ ಎಂಬ ಮಾತು. ನಿಮಿಷದೊಳಗೆ ಒತ್ತಡ 68/40ಕ್ಕೂ ನಾಡಿ 46ಕ್ಕೂ ಕುಸಿದು ಎಚ್ಚರ ತಪ್ಪಿತು. ಮೇಜನ್ನು ಇಳಿಸಿದ ಕೂಡಲೇ ಅರ್ಧ ನಿಮಿಷದಲ್ಲಿ ಕಣ್ಣು ಬಿಟ್ಟು, ‘ಆವತ್ತು ಆದದ್ದೂ ಹೀಗೆಯೇ’ ಎಂದರು. ಪರೀಕ್ಷೆಯ ತಿರುಳು ಇರುವುದು ಈ ಕೊನೆಯ ಮಾತಿನಲ್ಲಿ. ಅಂಕಿಗಳು ಕುಸಿದರೂ ಹಿಂದಿನ ಅನುಭವಕ್ಕೆ ಅದು ಹೊಂದದಿದ್ದರೆ ಫಲಿತಾಂಶಕ್ಕೆ ತೂಕ ಕಡಿಮೆ, ಏಕೆಂದರೆ ಎಂದೂ ಬೀಳದ ಆರೋಗ್ಯವಂತರಲ್ಲೂ ಕೆಲವರು ಈ ಮೇಜಿನ ಮೇಲೆ ಎಚ್ಚರ ತಪ್ಪುತ್ತಾರೆ.

ಇವರದು ಒತ್ತಡ ಮತ್ತು ನಾಡಿ ಎರಡೂ ಇಳಿಯುವ ಮಿಶ್ರ ಬಗೆಯ ಬವಳಿ. ಕೆಲವರಲ್ಲಿ ಒತ್ತಡ ಮಾತ್ರ ಇಳಿಯುತ್ತದೆ, ಇನ್ನು ಕೆಲವರಲ್ಲಿ ಹೃದಯ ಮೂರು ಸೆಕೆಂಡಿಗೂ ಹೆಚ್ಚು ಹೊತ್ತು ನಿಂತೇಬಿಡುತ್ತದೆ. ಮೇಜು ಇಳಿಸಿದರೆ ಮತ್ತೆ ಮಿಡಿಯತೊಡಗುತ್ತದೆ. ಎದ್ದು ನಿಂತ ಮೂರು ನಿಮಿಷದೊಳಗೆ ರಕ್ತದೊತ್ತಡದ ಮೇಲಿನ ಅಂಕಿ 20ರಷ್ಟು ಇಳಿದು ಹಾಗೆಯೇ ಉಳಿದರೆ ಅದು ಬೇರೆಯದೇ ಸಮಸ್ಯೆ, ಮಧುಮೇಹದಿಂದ ನರ ಸವೆದವರಲ್ಲಿ ಕಾಣುವಂಥದ್ದು. ಒತ್ತಡ ಇಳಿಯದೆ ಹತ್ತು ನಿಮಿಷದೊಳಗೆ ನಾಡಿ 30ಕ್ಕಿಂತ ಹೆಚ್ಚು ಏರಿದರೆ, ಜೊತೆಗೆ ತಿಂಗಳುಗಟ್ಟಲೆ ನಿಂತಾಗಲೆಲ್ಲ ತೊಂದರೆಯಿದ್ದರೆ, ಅದನ್ನು ಪಾಟ್ಸ್ ಎನ್ನುತ್ತಾರೆ. ಎಚ್ಚರ ತಪ್ಪಿದಂತೆ ಕಂಡರೂ ಒತ್ತಡ, ನಾಡಿ ಎರಡೂ ಇಳಿಯದಿದ್ದರೆ ಕಾರಣ ಮಾನಸಿಕ ಒತ್ತಡದಲ್ಲಿರಬಹುದು. ಅದೂ ನಟನೆಯಲ್ಲ ಎಂಬುದನ್ನು ಮನೆಯವರು ತಿಳಿಯಬೇಕು.

ಮಹಾಪಧಮನಿಯ ಕವಾಟ ತೀವ್ರವಾಗಿ ಕಿರಿದಾದವರಿಗೆ ಮತ್ತು ಹೃದಯದ ರಕ್ತನಾಳದಲ್ಲಿ ತೀವ್ರ ಅಡಚಣೆಯಿರುವವರಿಗೆ ಈ ಪರೀಕ್ಷೆ ಮಾಡುವುದಿಲ್ಲ. ಒಂದೇ ಸಲ, ರಕ್ತ ಕಂಡೋ ಸೆಕೆಯಲ್ಲಿ ನಿಂತೋ ಬಿದ್ದವರಿಗೂ ಇದು ಬೇಡ. ಅಲ್ಲಿ ಕಾರಣ ಕೇಳಿದ ಕೂಡಲೇ ಗೊತ್ತಾಗಿರುತ್ತದೆ.

ತೊಡೆಸಂದಿಯಿಂದ ಹೃದಯದವರೆಗೆ

ಈಗ ಇನ್ನೊಬ್ಬರನ್ನು ನೋಡೋಣ. 64 ವರ್ಷದ ವ್ಯಾಪಾರಿ; ಅಂಗಡಿಯಲ್ಲಿ ಕುಳಿತು ಲೆಕ್ಕ ಬರೆಯುತ್ತಿದ್ದವರು ಯಾವ ಮುನ್ಸೂಚನೆಯೂ ಇಲ್ಲದೆ ಮುಂದಕ್ಕೆ ಬಿದ್ದು ಹಣೆ ಒಡೆದುಕೊಂಡರು. ಎಕೋದಲ್ಲಿ ಹೃದಯದ ಪಂಪು ಸರಿಯಾಗಿದೆ. ಇಸಿಜಿಯಲ್ಲಿ ಮಾತ್ರ ಬಲಗವಲಿನ ಅಡಚಣೆ, ಜೊತೆಗೆ ಎಡಗವಲಿನ ಮುಂದಿನ ಕವಲಿನಲ್ಲೂ ಅಡಚಣೆ ಕಾಣುತ್ತಿದೆ. ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗಳಿಗೆ ಇಳಿಯುವ ಮೂರು ದಾರಿಗಳಲ್ಲಿ ಎರಡು ಕೆಟ್ಟಿವೆ. ಮೂರನೆಯದೂ ಆಗಾಗ ಕೈಕೊಡುತ್ತಿದೆಯೇ ಎಂಬುದು ಪ್ರಶ್ನೆ. ಕುಳಿತಲ್ಲೇ, ಬೆವರದೆ ಬಿದ್ದವರನ್ನು ಮೊದಲು ಟಿಲ್ಟ್ ಮೇಜಿನ ಮೇಲೆ ನಿಲ್ಲಿಸಿದರೆ ದಾರಿ ತಪ್ಪಿದಂತೆ.

ಇ.ಪಿ. ಸ್ಟಡಿ ನಡೆಯುವುದು ಕ್ಯಾಥ್‌ಲ್ಯಾಬ್‌ನಲ್ಲಿ. ಸುಮಾರು ಆರು ಗಂಟೆ ಉಪವಾಸವಿರಬೇಕು. ಹೃದಯ ಬಡಿತದ ಮಾತ್ರೆಗಳನ್ನು ಕೆಲವು ದಿನ ಮುಂಚೆ ನಿಲ್ಲಿಸಲು ಹೇಳಬಹುದು. ರಕ್ತ ತೆಳುವಾಗಿಸುವ ಮಾತ್ರೆಯನ್ನು ಮುಂದುವರಿಸಬೇಕೇ ಬೇಡವೇ ಎಂದು ಕೇಳಿ ತಿಳಿಯಬೇಕು. ಎಕ್ಸ್-ರೇ ಬಳಸುವುದರಿಂದ ಗರ್ಭಿಣಿಯಾಗಿರುವ ಸಾಧ್ಯತೆಯಿದ್ದರೆ ಮೊದಲೇ ತಿಳಿಸಬೇಕು.

ತೊಡೆಸಂದಿಯನ್ನು ಮರಗಟ್ಟಿಸಿ, ಅಲ್ಲಿನ ಅಭಿಧಮನಿಗೆ ಸಣ್ಣ ಕೊಳವೆ ಇಳಿಸಿ, ಅದರ ಮೂಲಕ ಎರಡರಿಂದ ನಾಲ್ಕು ತೆಳುವಾದ ತಂತಿಗಳನ್ನು ಹೃದಯದ ಬಲಭಾಗಕ್ಕೆ ತಳ್ಳುತ್ತಾರೆ. ಆಂಜಿಯೋಗ್ರಾಂ ಮಾಡುವುದು ಅಪಧಮನಿಯ ಮೂಲಕ, ರಕ್ತನಾಳದ ಅಡಚಣೆ ನೋಡಲು, ಇದು ಅದಲ್ಲ. ಎರಡನ್ನೂ ಒಂದೇ ಎಂದುಕೊಂಡು ‘ಆಂಜಿಯೋ ನಾರ್ಮಲ್ ಇತ್ತಲ್ಲ, ಮತ್ತೇಕೆ ಇದು?’ ಎಂದು ಕೇಳುವವರು ಬಹಳ. ಸೂಜಿ ಚುಚ್ಚುವಾಗಿನ ಉರಿ ಬಿಟ್ಟರೆ ತಂತಿ ಸಾಗುವುದು ಸಾಮಾನ್ಯವಾಗಿ ಅರಿವಿಗೆ ಬರುವುದಿಲ್ಲ.

ಮೇಲಿನ ಕೋಣೆಯ ವಿದ್ಯುತ್ ಸಂಕೇತವನ್ನು ಕೆಳಕ್ಕೆ ಒಯ್ಯುವ ನಾರುಗಳ ಕಟ್ಟಿಗೆ ಹಿಸ್ ಕಟ್ಟು ಎಂದು ಹೆಸರು. ತಂತಿಯ ತುದಿ ಅದರ ಬಳಿ ನಿಂತಾಗ ಮುಖ್ಯವಾದ ಅಳತೆ ಸಿಗುತ್ತದೆ. ಕ್ಯಾಥೆಟರಿನಿಂದ ಈ ಜಾಗದ ವಿದ್ಯುತ್ ಸಂಕೇತವನ್ನು ದಾಖಲಿಸುವ ವಿಧಾನ 1969ರಲ್ಲಿ ಪ್ರಕಟವಾಯಿತು. ಅಲ್ಲಿಂದ ಕೆಳಗಿನ ಕೋಣೆ ತಲುಪಲು ಸಂಕೇತಕ್ಕೆ 35ರಿಂದ 55 ಮಿಲಿಸೆಕೆಂಡು ಸಾಕು. ಇದನ್ನು ಎಚ್‌ವಿ ಅಂತರ ಎನ್ನುತ್ತಾರೆ. ನಮ್ಮ ವ್ಯಾಪಾರಿಗೆ ಅದು 82 ಬಂತು ಎನ್ನೋಣ. ಇಸಿಜಿಯಲ್ಲಿ ಕವಲಿನ ಅಡಚಣೆಯಿದ್ದು ಎಚ್ಚರ ತಪ್ಪಿದವರಲ್ಲಿ 70 ಅಥವಾ ಹೆಚ್ಚು ಬಂದರೆ ಪೇಸ್‌ಮೇಕರ್ ಸಲಹೆ ಮಾಡುತ್ತಾರೆ. ಬಳಿಕ ತಂತಿಯಿಂದ ಮೇಲಿನ ಕೋಣೆಯನ್ನು ವೇಗವಾಗಿ ಮಿಡಿಸಿ ದಾರಿ ಎಲ್ಲಿ ಕಟ್ಟುತ್ತದೆಂದು ನೋಡುತ್ತಾರೆ. ಕೆಳಗಿನ ಕೋಣೆಗೆ ಹೆಚ್ಚುವರಿ ಮಿಡಿತಗಳನ್ನು ಕೊಟ್ಟು ಬಡಿತದ ಅಪಾಯಕಾರಿ ಓಟ ಏಳುತ್ತದೆಯೇ ಎಂದೂ ಪರೀಕ್ಷಿಸುತ್ತಾರೆ. ಆಗ ಎದೆ ಡವಡವ ಎನ್ನುವುದು ಸಹಜ. ಓಟ ಎದ್ದರೆ ತಂತಿಯಿಂದಲೇ ನಿಲ್ಲಿಸಲು ನೋಡುತ್ತಾರೆ. ಶಾಕ್ ಕೊಡುವ ಪಟ್ಟಿಗಳನ್ನು ಮೊದಲೇ ಅಂಟಿಸಿರುತ್ತಾರೆ.

ಹಠಾತ್ತನೆ ಶುರುವಾಗಿ ಹಠಾತ್ತನೆ ನಿಲ್ಲುವ ಎದೆಬಡಿತ ಇರುವವರಿಗೆ, ಹಳೆಯ ಹೃದಯಾಘಾತದ ಕಲೆ ಉಳಿದು ಎಚ್ಚರ ತಪ್ಪಿದವರಿಗೆ, ಡಬ್ಲ್ಯುಪಿಡಬ್ಲ್ಯು ಎಂಬ ಹುಟ್ಟಿನಿಂದ ಬಂದ ಅಡ್ಡದಾರಿ ಇಸಿಜಿಯಲ್ಲಿ ಕಂಡವರಿಗೆ ಈ ಪರೀಕ್ಷೆ ಬೇಕಾಗಬಹುದು. ಅಡ್ಡದಾರಿ ಸಿಕ್ಕರೆ ಬಹುಪಾಲು ಅದೇ ಹೊತ್ತಿನಲ್ಲಿ ಸುಟ್ಟು ಮುಚ್ಚುತ್ತಾರೆ, ಅದೇ ಅಬ್ಲೇಷನ್. ಇಸಿಜಿ, ಎಕೋ ಎರಡೂ ಸರಿಯಿದ್ದು ಎದೆಬಡಿತದ ದೂರೂ ಇಲ್ಲದವರಿಗೆ ಇ.ಪಿ. ಸ್ಟಡಿಯಿಂದ ಸಾಮಾನ್ಯವಾಗಿ ಏನೂ ಸಿಗುವುದಿಲ್ಲ. ಪಂಪಿನ ಶಕ್ತಿ 35 ಶೇಕಡಾಕ್ಕಿಂತ ಕೆಳಗಿದ್ದರೆ ಅಪಾಯಕಾರಿ ಬಡಿತವನ್ನು ಒಳಗಿನಿಂದಲೇ ಶಾಕ್ ಕೊಟ್ಟು ನಿಲ್ಲಿಸುವ ಐಸಿಡಿ ಎಂಬ ಸಾಧನ ಅಳವಡಿಸಬೇಕೇ ಎಂಬ ನಿರ್ಧಾರ ಈ ಪರೀಕ್ಷೆಯನ್ನು ಕಾಯುವುದಿಲ್ಲ.

ತಂತಿ ತೆಗೆದ ಮೇಲೆ ಚುಚ್ಚಿದ ಜಾಗವನ್ನು ಒತ್ತಿ ಹಿಡಿದು, ನಾಲ್ಕರಿಂದ ಆರು ಗಂಟೆ ಕಾಲು ಮಡಿಸದೆ ಮಲಗಿಸುತ್ತಾರೆ. ಅಲ್ಲಿ ರಕ್ತ ಕಟ್ಟಿ ಕಂದುವುದು ಹೆಚ್ಚಾಗಿ ಕಾಣುವ ತೊಂದರೆ. ಹೃದಯದ ಗೋಡೆಗೆ ತೂತಾಗುವುದು, ಕಾಲಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟುವುದು ಅಪರೂಪ. ಗಡ್ಡೆ ದೊಡ್ಡದಾಗುತ್ತ ಹೋದರೆ, ಕಾಲು ಊದಿದರೆ, ಎದೆನೋವು ಅಥವಾ ಉಸಿರಾಟದ ತೊಂದರೆ ಬಂದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಮರಳಬೇಕು.

ಅಳತೆ ಸರಿಯಾಗಿ ಬಂದಿದ್ದರೆ ವ್ಯಾಪಾರಿಯವರು ಪಾರಾದರೇ? ಇಲ್ಲ. ಪರೀಕ್ಷೆಯ ಆ ಒಂದೆರಡು ಗಂಟೆಗಳಲ್ಲಿ ಚೆನ್ನಾಗಿಯೇ ನಡೆದುಕೊಂಡ ದಾರಿ ಆರು ತಿಂಗಳ ಬಳಿಕ ಕಟ್ಟಿಕೊಂಡದ್ದುಂಟು. ಅಂಥವರಿಗೆ ಎದೆಯ ಚರ್ಮದಡಿ ಲೂಪ್ ರೆಕಾರ್ಡರ್ ಎಂಬ ಪುಟ್ಟ ಸಾಧನ ಇಡುತ್ತಾರೆ. ಅದು ಎರಡು ಮೂರು ವರ್ಷ ಪ್ರತಿ ಬಡಿತವನ್ನೂ ಗಮನಿಸುತ್ತಿದ್ದು, ಮತ್ತೆ ಬಿದ್ದ ದಿನದ ಇಸಿಜಿಯನ್ನು ಹಿಡಿದಿಟ್ಟುಕೊಡುತ್ತದೆ.