ಮಸಾಲೆ ದೋಸೆಯ ಕ್ಯಾಲೊರಿ ಲೆಕ್ಕ ಹಾಕಿದ ನನ್ನ ಅನುಭವ

ಮೆನುವಿನಲ್ಲಿ ಕ್ಯಾಲೊರಿ ನಮೂದಿಸಬೇಕೆಂಬ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ ಕೇಂದ್ರ ಪರವಾನಗಿ ಇರುವ ಅಥವಾ ಹತ್ತು ಮತ್ತು ಅದಕ್ಕಿಂತ ಹೆಚ್ಚು ಕಡೆ ಶಾಖೆಗಳಿರುವ ಹೋಟೆಲುಗಳಿಗೆ ಸಂಬಂಧಿಸಿದ್ದು. ನಮ್ಮದು ಒಂದೇ ಉಪಾಹಾರ ಗೃಹ. ಆದರೂ ಸಕ್ಕರೆ ಕಾಯಿಲೆಯಿರುವ ಗಿರಾಕಿಗಳು ಪದೇ ಪದೇ ಕೇಳುತ್ತಿದ್ದುದರಿಂದ ನಾನೇ ಲೆಕ್ಕಕ್ಕೆ ಕುಳಿತೆ.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಸಂಯೋಜನೆಯ ಕೋಷ್ಟಕವನ್ನು ಆಧಾರವಾಗಿಟ್ಟುಕೊಂಡೆ. ಅದರಲ್ಲಿ ಶಕ್ತಿಯನ್ನು ಕಿಲೋಜೂಲಿನಲ್ಲಿ ಕೊಟ್ಟಿರುತ್ತಾರೆ ಎಂಬುದನ್ನು ಗಮನಿಸದೆ, ಮೊದಲ ದಿನ ನೂರು ಗ್ರಾಂ ಅಕ್ಕಿಗೆ 1491 ಕ್ಯಾಲೊರಿ ಎಂದು ಬರೆದುಬಿಟ್ಟಿದ್ದೆ. ಶುದ್ಧ ಎಣ್ಣೆಗೇ ನೂರು ಗ್ರಾಮಿಗೆ ಸುಮಾರು 900 ಇರುವಾಗ ಅಕ್ಕಿ ಅದನ್ನು ಮೀರುವಂತಿಲ್ಲವೆಂದು ಹೊಳೆದ ಮೇಲೆ, ವಾಡಿಕೆಯಲ್ಲಿ ನಾವು ಕ್ಯಾಲೊರಿ ಎನ್ನುವ ಒಂದು ಕಿಲೋಕ್ಯಾಲೊರಿಗೆ 4.184 ಕಿಲೋಜೂಲು ಆದ್ದರಿಂದ ಅಷ್ಟರಿಂದ ಭಾಗಿಸಿ 356 ಎಂದು ತಿದ್ದಿದೆ.

ನಮ್ಮ ಹಿಟ್ಟಿಗೆ 3 ಕೆ.ಜಿ. ಅಕ್ಕಿಯೂ 750 ಗ್ರಾಂ ಉದ್ದಿನಬೇಳೆಯೂ ಬೀಳುತ್ತವೆ; ಎರಡೂ ಸೇರಿ ಸುಮಾರು 13,110 ಕ್ಯಾಲೊರಿ. ರುಬ್ಬಿ ಹುದುಗು ಬಂದ ಹಿಟ್ಟು ತಕ್ಕಡಿಯಲ್ಲಿ 9.5 ಕೆ.ಜಿ. ತೂಗಿತು. ನೀರು ತೂಕವನ್ನಷ್ಟೇ ಹೆಚ್ಚಿಸುತ್ತದೆ, ಕ್ಯಾಲೊರಿಯನ್ನಲ್ಲ. ಹಾಗಾಗಿ ಒಟ್ಟು ಕ್ಯಾಲೊರಿಯನ್ನು ಸಿದ್ಧ ಹಿಟ್ಟಿನ ತೂಕಕ್ಕೆ ಹಂಚಿದಾಗ ನೂರು ಗ್ರಾಮಿಗೆ 138, ನಮ್ಮ ಒಂದು ಸೌಟಿನ 110 ಗ್ರಾಂ ಹಿಟ್ಟಿಗೆ 152 ಬಂತು. ಬೆಂದ ದೋಸೆಯನ್ನು ತೂಗುವುದರಿಂದ ಉಪಯೋಗವಿಲ್ಲ, ಏಕೆಂದರೆ ಕಾವಲಿಯ ಮೇಲೆ ಎಷ್ಟು ನೀರು ಆರಿತೆಂಬುದು ದೋಸೆಯಿಂದ ದೋಸೆಗೆ ಬೇರೆಯಾಗುತ್ತದೆ. ಪಲ್ಯಕ್ಕೂ ಚಟ್ನಿಗೂ ಇದೇ ಕ್ರಮ ಅನುಸರಿಸಿದೆ: 80 ಗ್ರಾಂ ಪಲ್ಯಕ್ಕೆ 77, 40 ಗ್ರಾಂ ಕಾಯಿಚಟ್ನಿಗೂ ಕಾಕತಾಳೀಯವಾಗಿ 77. ಆಲೂಗಡ್ಡೆಯನ್ನು ಮಾತ್ರ ಸಿಪ್ಪೆ ತೆಗೆದ ಮೇಲೆ ತೂಗಬೇಕು, ಕೋಷ್ಟಕದ ಅಂಕಿ ತಿನ್ನುವ ಭಾಗಕ್ಕೆ ಕೊಟ್ಟದ್ದು.

ತೊಡಕಾದದ್ದು ಎಣ್ಣೆ. "ಒಂದು ಚಮಚ, ಐದು ಗ್ರಾಂ ದಾಟಲ್ಲ ಬಿಡಿ ಸ್ವಾಮಿ" ಎಂದರು ನಮ್ಮ ಭಟ್ಟರು. ಅವರ ಮಾತನ್ನು ಅಲ್ಲಗಳೆಯದೆ, ಬೆಳಗ್ಗೆ ಎಣ್ಣೆಯ ಪಾತ್ರೆಯನ್ನು ತೂಗಿ, ಐವತ್ತು ದೋಸೆಯಾದ ಮೇಲೆ ಮತ್ತೆ ತೂಗಿದೆ: 600 ಗ್ರಾಂ ಕಡಿಮೆಯಾಗಿತ್ತು, ಅಂದರೆ ದೋಸೆಗೆ 12 ಗ್ರಾಂ. ಗಡಿಬಿಡಿಯ ಭಾನುವಾರ ಅದು 15ಕ್ಕೆ ಏರಿತು. ಐದು ದಿನಗಳ ಸರಾಸರಿ 13 ಗ್ರಾಂ ಎಂದರೆ 117 ಕ್ಯಾಲೊರಿ; ಭಟ್ಟರ ಅಂದಾಜನ್ನು ನಂಬಿದ್ದರೆ ಇಲ್ಲಿ 45 ಎಂದು ಬರೆದಿರುತ್ತಿದ್ದೆ. ಕಾವಲಿ ಒರೆಸುವಾಗ ಪೊರಕೆಗೆ ಹೋಗುವ ಎಣ್ಣೆಯೂ ಇದರಲ್ಲಿ ಸೇರಿರುವುದರಿಂದ ತಿನ್ನುವವರ ಹೊಟ್ಟೆ ಸೇರುವುದು ತುಸು ಕಡಿಮೆಯೇ. ಅದನ್ನು ಬೇರ್ಪಡಿಸುವ ಉಪಾಯ ನನ್ನ ಬಳಿ ಇರಲಿಲ್ಲ, ಹೆಚ್ಚಿನ ಕಡೆಗೆ ತಪ್ಪುವುದೇ ಲೇಸೆಂದು ಬಿಟ್ಟೆ.

ಒಟ್ಟು 423 ಆಯಿತು. ಇಷ್ಟು ಅಂದಾಜಿರುವ ಲೆಕ್ಕದಲ್ಲಿ ಕೊನೆಯ 3ಕ್ಕೆ ಅರ್ಥವಿಲ್ಲದ್ದರಿಂದ ಫಲಕದ ಮೇಲೆ "ಮಸಾಲೆ ದೋಸೆ, ಒಂದು, ಚಟ್ನಿ ಸಹಿತ: ಸುಮಾರು 420 ಕಿಲೋಕ್ಯಾಲೊರಿ" ಎಂದು ಬರೆಸಿ, ಎಷ್ಟು ಬೇಕಾದರೂ ಬಡಿಸುವ ಸಾಂಬಾರನ್ನು ಬಟ್ಟಲಿನ ಲೆಕ್ಕದಲ್ಲಿ ಕೆಳಗಿನ ಸಾಲಿಗೆ ಹಾಕಿಸಿದೆ.