ಬುಕ್ಕಿಯ ಆಡ್ಸ್‌ನಿಂದ ಮಾರ್ಜಿನ್ ತೆಗೆಯುವುದು: ನನ್ನ ಅನುಭವ

ಕಲಬುರಗಿಯಲ್ಲಿ ಡಿಗ್ರಿ ಹುಡುಗರಿಗೆ ಸ್ಟ್ಯಾಟಿಸ್ಟಿಕ್ಸ್ ಹೇಳಿಕೊಡುವುದು ನನ್ನ ಕೆಲಸ. ಬಿಡುವಿನ ಹೊತ್ತಿನಲ್ಲಿ ಇಂಗ್ಲಿಷ್ ಪ್ರೀಮಿಯರ್ ಲೀಗ್ ಫುಟ್‌ಬಾಲಿಗೆ ಒಂದು ಸಣ್ಣ ರೇಟಿಂಗ್ ಮಾಡೆಲ್ ಕಟ್ಟಿದ್ದೇನೆ. ಯಾವ ಟೀಮ್ ಗೆಲ್ಲುವ ಚಾನ್ಸ್ ಎಷ್ಟು ಅಂತ ಅದು ಹೇಳುತ್ತದೆ. ಹೇಳಿದ್ದು ಸರಿಯಾ ಅಂತ ಪರೀಕ್ಷಿಸಲು ಬುಕ್ಕಿಗಳ ಆಡ್ಸ್‌ಗಿಂತ ಗಟ್ಟಿ ಅಳತೆ ಸಿಗುವುದು ಕಷ್ಟ. ನಾನು ದುಡ್ಡು ಕಟ್ಟುವವನಲ್ಲ, ಕಟ್ಟಿ ಅಂತ ಹೇಳುವವನೂ ಅಲ್ಲ. ನನಗೆ ಬೇಕಿರುವುದು ಆ ಆಡ್ಸ್ ಒಳಗೆ ಅಡಗಿರುವ ಅಂದಾಜು ಮಾತ್ರ.

ಹಳೆಯ ಆಡ್ಸ್ football-data.co.uk ಎಂಬ ಸೈಟಿನಲ್ಲಿ CSV ಫೈಲಾಗಿ ಸುಮ್ನೆ ಸಿಗುತ್ತದೆ. Bet365 ಎಂಬ ಬುಕ್ಕಿಯ ಆಡ್ಸ್‌ಗೆ B365H, B365D, B365A ಅಂತ ಕಾಲಮ್‌ಗಳಿರುತ್ತವೆ: ಮನೆಯಂಗಳದ ಟೀಮ್ ಗೆದ್ದರೆ, ಡ್ರಾ ಆದರೆ, ಎದುರಾಳಿ ಗೆದ್ದರೆ. ಒಂದು ಮ್ಯಾಚಿಗೆ 1.25, 6.00, 12.00 ಇದೆ ಅಂದುಕೊಳ್ಳಿ. 1.25 ಅಂದರೆ ನೂರು ಕಟ್ಟಿದವನಿಗೆ ಅಸಲೂ ಸೇರಿ ನೂರಿಪ್ಪತ್ತೈದು ವಾಪಸ್. ನಮ್ಮ ಕಡೆ ಕ್ರಿಕೆಟ್‌ಗೆ "ಇಪ್ಪತ್ತೈದು ಪೈಸೆ" ಅನ್ನುತ್ತಾರಲ್ಲ, ಅದೇ ಲೆಕ್ಕ, ಒಂದು ಕೂಡಿಸಿದರಾಯಿತು.

ಈಗ ಒಂದನ್ನು ಪ್ರತಿ ಆಡ್ಸ್‌ನಿಂದ ಭಾಗಿಸಿ. 0.8000, 0.1667, 0.0833 ಬರುತ್ತದೆ. ಕೂಡಿಸಿದರೆ 1.05. ಮೂರರಲ್ಲಿ ಒಂದು ಆಗಲೇಬೇಕು, ಆದ್ದರಿಂದ ನಿಜವಾದ ಸಂಭವನೀಯತೆಗಳ ಮೊತ್ತ ಒಂದೇ ಇರಬೇಕು. ಮೇಲಿನ ಐದು ಪರ್ಸೆಂಟೇ ಮಾರ್ಜಿನ್. (ಮೂರೂ ಕಡೆ ಆಡ್ಸ್‌ಗೆ ತಕ್ಕಂತೆ ದುಡ್ಡು ಬಿದ್ದರೆ ಬುಕ್ಕಿಗೆ ಉಳಿಯುವುದು ಐದಲ್ಲ, ಬಂದ ದುಡ್ಡಿನ 4.76%. 105 ಬಂದು 100 ಹೋಗುತ್ತದೆ, ಅಷ್ಟೇ.) ಇದನ್ನು ತೆಗೆಯದೆ ಹೋಲಿಸಿದರೆ ನನ್ನ ಮಾಡೆಲ್ ಎಲ್ಲ ಟೀಮನ್ನೂ ಕಡಿಮೆ ಅಂದಾಜು ಮಾಡಿದ ಹಾಗೆ ಕಾಣುತ್ತದೆ. ನನ್ನದು ನೂರಕ್ಕೆ ಕೂಡುತ್ತದೆ, ಅವರದು ನೂರೈದಕ್ಕೆ.

ಇಲ್ಲಿವರೆಗೆ ಸುಲಭ. ಆ ಐದನ್ನು ಯಾರಿಂದ ಎಷ್ಟು ಕಳೆಯಬೇಕು ಅನ್ನುವುದೇ ನಿಜವಾದ ಪ್ರಶ್ನೆ. ಆಳಂದದ ಕಡೆಯ ಒಬ್ಬ ವಿದ್ಯಾರ್ಥಿ ಬೋರ್ಡ್ ನೋಡಿ ತಕ್ಷಣ ಕೇಳಿದ, "ಸರ್, ಮೂರರಾಗಿಂದೂ ಸಮಾ ಕಳದ್ರ ಆತಲ್ರಿ?" ಕಳೆದು ನೋಡಿದೆವು. ಪ್ರತಿಯೊಂದರಿಂದ 1.67 ತೆಗೆದರೆ 78.3, 15.0, 6.7. ನೋಡಲು ಚೆನ್ನಾಗಿಯೇ ಇದೆ. ಆದರೆ ಇಷ್ಟೇ ಮಾರ್ಜಿನ್ ಇರುವ ಇನ್ನೊಂದು ಮ್ಯಾಚಿನಲ್ಲಿ ದುರ್ಬಲ ಟೀಮಿಗೆ 101 ಆಡ್ಸ್ ಇದ್ದರೆ? ಅದರ ಪಾಲು 0.99%. ಅದರಿಂದ 1.67 ಕಳೆದರೆ ಸೊನ್ನೆಗಿಂತ ಕೆಳಗೆ ಹೋಯಿತು. ಆ ದಾರಿ ಅಲ್ಲಿಗೇ ಮುಚ್ಚಿತು.

ಹೆಚ್ಚಿನವರು ಮಾಡುವುದು ಮೂರನ್ನೂ 1.05ರಿಂದ ಭಾಗಿಸುವುದು. 76.2, 15.9, 7.9 ಬರುತ್ತದೆ. ಇದರ ಹಿಂದೆ ಒಂದು ನಂಬಿಕೆ ಇದೆ: ನಮ್ಮ ತೊಗರಿ ಅಡತಿಯಲ್ಲಿ ಎಲ್ಲ ಚೀಲಕ್ಕೂ ಒಂದೇ ದರದ ಕಮಿಷನ್ ಹಿಡಿಯುವಂತೆ ಬುಕ್ಕಿಯೂ ಹಿಡಿಯುತ್ತಾನೆ ಅಂತ. ಅವನು ಹಾಗೆ ಹಿಡಿಯುವುದಿಲ್ಲ. ಗೆಲ್ಲುವ ಚಾನ್ಸ್ ಕಡಿಮೆ ಇರುವ ಟೀಮಿನ ಮೇಲೆ ಮಾರ್ಜಿನ್ ಜಾಸ್ತಿ ಹೇರುತ್ತಾನೆ. ಕಾರಣ ಎರಡು. ಸಣ್ಣ ದುಡ್ಡು ಹಾಕಿ ದೊಡ್ಡದು ಗೆಲ್ಲುವ ಆಸೆಗೆ ಜನ ಅಲ್ಲಿ ಆಡ್ಸ್ ಕೆಟ್ಟದಾಗಿದ್ದರೂ ಕಟ್ಟುತ್ತಾರೆ. ಜೊತೆಗೆ, ಅವನ ಅಂದಾಜು ತಪ್ಪಿದರೆ ಅಲ್ಲೇ ಪೆಟ್ಟು ಜೋರು. 1% ಅಂದುಕೊಂಡದ್ದು ನಿಜವಾಗಿ 2% ಇದ್ದರೆ ಎರಡು ಪಟ್ಟು ಕೊಡಬೇಕಾಗುತ್ತದೆ. ಕುದುರೆ ರೇಸಿನ ಲೆಕ್ಕದಲ್ಲಿ 1949ರಿಂದಲೂ ಸಂಶೋಧಕರು ಈ ವಾಲಿಕೆಯನ್ನು ಗುರುತಿಸುತ್ತ ಬಂದಿದ್ದಾರೆ.

ಹಾಗಾಗಿ ನಾನು ಘಾತದ ವಿಧಾನ ಬಳಸುತ್ತೇನೆ. ಮೂರು ಸಂಖ್ಯೆಗಳನ್ನೂ ಒಂದೇ ಘಾತ k ಗೆ ಏರಿಸಬೇಕು, ಮೊತ್ತ ಸರಿಯಾಗಿ ಒಂದಾಗುವಂಥ k ಹುಡುಕಬೇಕು. k ಒಂದಕ್ಕಿಂತ ದೊಡ್ಡದಿದ್ದಾಗ ಸಣ್ಣ ಸಂಖ್ಯೆ ಜಾಸ್ತಿ ಕುಗ್ಗುತ್ತದೆ, ದೊಡ್ಡದು ಅಷ್ಟಾಗಿ ಕುಗ್ಗುವುದಿಲ್ಲ. ನಮಗೆ ಬೇಕಾದ್ದೂ ಅದೇ. ನಮ್ಮ ಮ್ಯಾಚಿಗೆ k = 1.05 ಇಟ್ಟರೆ ಮೊತ್ತ 1.017, ಇನ್ನೂ ಜಾಸ್ತಿ. 1.08 ಇಟ್ಟರೆ 0.9986, ಸ್ವಲ್ಪ ಕಡಿಮೆ ಆಯಿತು. ನಡುವೆ 1.078ರ ಹತ್ತಿರ ಕೂರುತ್ತದೆ. ಹುಡುಗರಿಗೆ ಎಕ್ಸೆಲ್‌ನ Goal Seek ಸಾಕು. ಸಾವಿರಾರು ಸಾಲು ಇರುವಾಗ ನಾನು ಪೈಥಾನ್‌ಗೆ ಬಿಡುತ್ತೇನೆ:

```python
from scipy.optimize import brentq

def fair(odds):
    q = [1/o for o in odds]
    f = lambda k: sum(x**k for x in q) - 1
    k = brentq(f, 0.5, 3)
    return k, [x**k for x in q]

print(fair([1.25, 6.00, 12.00]))
```

ಉತ್ತರ 78.6, 14.5, 6.9. ಫೇವರಿಟ್‌ನ ಪಾಲು 80ರಿಂದ ಎರಡು ಪರ್ಸೆಂಟ್‌ನಷ್ಟೂ ಕುಗ್ಗಲಿಲ್ಲ. ದುರ್ಬಲ ಟೀಮಿನ ಪಾಲು 8.3ರಿಂದ ಹೆಚ್ಚುಕಡಿಮೆ ಹದಿನೆಂಟು ಪರ್ಸೆಂಟ್ ಕುಗ್ಗಿತು.

ಇನ್ನೊಂದು ದಾರಿ ಅರ್ಥಶಾಸ್ತ್ರಜ್ಞ ಹ್ಯುನ್ ಸಾಂಗ್ ಶಿನ್ 1990ರ ದಶಕದ ಮೊದಲಲ್ಲಿ ಕಟ್ಟಿದ ಮಾದರಿಯಿಂದ ಬಂದದ್ದು. ಕಟ್ಟುವವರಲ್ಲಿ ಕೆಲವರಿಗೆ ಒಳಸುದ್ದಿ ಗೊತ್ತಿರುತ್ತದೆ, ಅವರಿಂದ ತಪ್ಪಿಸಿಕೊಳ್ಳಲು ಬುಕ್ಕಿ ಆಡ್ಸ್ ಇಳಿಸುತ್ತಾನೆ ಅನ್ನುವುದು ಅವರ ವಾದ. ಅದರಿಂದ ಲೆಕ್ಕ ಹಾಕಿದರೆ 77.8, 15.2, 7.0. ಘಾತದ ಉತ್ತರಕ್ಕೆ ಹತ್ತಿರವೇ ಇದೆ ಅಲ್ವಾ? ಮಜಾ ಏನೆಂದರೆ, ಎರಡೇ ಫಲಿತಾಂಶ ಇರುವ ಆಟಕ್ಕೆ ಶಿನ್ ಲೆಕ್ಕ ಹಾಕಿದರೆ ಸಿಗುವುದು ನಮ್ಮ ಹುಡುಗ ಹೇಳಿದ "ಸಮಾ ಕಳದ್ರ" ಉತ್ತರವೇ.

7.9 ಮತ್ತು 6.9 ನಡುವೆ ಒಂದೇ ಅಂಕ, ಇದಕ್ಕೆ ಇಷ್ಟು ಒದ್ದಾಟ ಯಾಕೆ ಅಂತ ಅನ್ನಿಸಬಹುದು. ಮಾರ್ಜಿನ್ ಇಲ್ಲದ ಆಡ್ಸ್‌ಗೆ ತಿರುಗಿಸಿದರೆ ಒಂದು 12.6, ಇನ್ನೊಂದು 14.6. ನನ್ನ ಮಾಡೆಲ್ 7.5% ಅಂದರೆ ಮೊದಲ ಲೆಕ್ಕದಲ್ಲಿ ಅದು ಮಾರ್ಕೆಟ್‌ಗಿಂತ ಕಡಿಮೆ ಹೇಳಿದೆ, ಎರಡನೆಯದರಲ್ಲಿ ಜಾಸ್ತಿ. ತೀರ್ಪೇ ತಿರುಗಿ ಬೀಳುತ್ತದೆ. ಅದೇ 1.90, 1.90 ಅಂತ ಸಮಬಲದ ಪಂದ್ಯವಿದ್ದರೆ ಯಾವ ವಿಧಾನದಲ್ಲೂ ಐವತ್ತು-ಐವತ್ತೇ. ಅಲ್ಲಿ ತಲೆ ಕೆಡಿಸಿಕೊಳ್ಳುವ ಕೆಲಸವೇ ಇಲ್ಲ.

ಯಾವುದು ಸರಿ ಅಂತ ನೋಡುವ ದಾರಿಯೂ ಉಂಟು. ಭಾಗಾಕಾರದ ಲೆಕ್ಕದಲ್ಲಿ 7ರಿಂದ 9% ಬಂದ ಎಲ್ಲ ಫಲಿತಾಂಶಗಳನ್ನು ಒಂದೆಡೆ ಹಾಕಿ, ಅವುಗಳಲ್ಲಿ ಎಷ್ಟು ನಿಜವಾಗಿ ನಡೆದವು ಅಂತ ಎಣಿಸಬೇಕು. ಆದರೆ ಒಂದು ಪರ್ಸೆಂಟ್ ವ್ಯತ್ಯಾಸವನ್ನು ಅದೃಷ್ಟದಿಂದ ಬೇರ್ಪಡಿಸಬೇಕಾದರೆ, ಅಂದರೆ ಎರಡು ಸ್ಟ್ಯಾಂಡರ್ಡ್ ಎರರ್ ಅಂತರ ಬೇಕಾದರೆ, ಅಂಥ 2,700ರಷ್ಟು ಸಾಲು ಬೇಕು. ಪ್ರೀಮಿಯರ್ ಲೀಗ್‌ನ ಒಂದು ಸೀಸನ್ನಿನಲ್ಲಿ ಇರುವುದೇ 380 ಮ್ಯಾಚ್. ಒಂದೆರಡು ಸೀಸನ್ ನೋಡಿ "ಈ ವಿಧಾನವೇ ಗೆದ್ದಿತು" ಅನ್ನುವವರನ್ನು ನಾನು ನಂಬುವುದಿಲ್ಲ. ಹಲವು ದೇಶಗಳ ಲೀಗ್ ಸೇರಿಸಿಯೇ ನೋಡಬೇಕು.

ಲೆಕ್ಕ ಕೆಟ್ಟಿದೆ ಅನ್ನುವುದನ್ನು k ತಾನೇ ಹೇಳಿಬಿಡುತ್ತದೆ. k ಒಂದಕ್ಕಿಂತ ಕಡಿಮೆ ಬಂದರೆ ಮೊತ್ತ ಮೊದಲೇ ಒಂದಕ್ಕಿಂತ ಕಡಿಮೆ ಇತ್ತು ಅಂತ ಅರ್ಥ. ಸಾಮಾನ್ಯವಾಗಿ MaxH, MaxD, MaxA ಕಾಲಮ್ ತೆಗೆದುಕೊಂಡಾಗ ಹೀಗಾಗುತ್ತದೆ. ಅವು ಬೇರೆ ಬೇರೆ ಬುಕ್ಕಿಗಳ ಅತಿ ಹೆಚ್ಚಿನ ಆಡ್ಸ್, ಒಬ್ಬನ ಮಾರ್ಜಿನ್ ಅಲ್ಲಿ ಇಲ್ಲವೇ ಇಲ್ಲ. ಮೂರೂ ಸಂಖ್ಯೆ ಒಬ್ಬನೇ ಬುಕ್ಕಿಯದು, ಒಂದೇ ಹೊತ್ತಿನದು ಆಗಿರಬೇಕು. ಮ್ಯಾಚ್ ಶುರುವಾಗುವ ಮುಂಚಿನ ಕೊನೆಯ ಆಡ್ಸ್ ಬೇಕಿದ್ದರೆ B365CH ತರಹ C ಇರುವ ಕಾಲಮ್ ನೋಡಿ. ಗಾಯ, ಟೀಮ್ ಪಟ್ಟಿಯ ಸುದ್ದಿ ಎಲ್ಲ ಸೇರಿರುವುದು ಅದರಲ್ಲೇ.

ಕೋಡ್ ಬೇರೆ ಮಾರ್ಕೆಟ್‌ಗೆ ಹಾಕುವವರಿಗೆ ಇನ್ನೊಂದು ಮಾತು. "ಮೊದಲ ನಾಲ್ಕರಲ್ಲಿ ಬರುವ ಟೀಮ್" ಎಂಬ ಮಾರ್ಕೆಟ್‌ನಲ್ಲಿ ಗೆಲ್ಲುವವರು ನಾಲ್ಕು ಜನ, ಆದ್ದರಿಂದ ಅಲ್ಲಿ ಮೊತ್ತ ನಾಲ್ಕಾಗಬೇಕು. ಅದನ್ನು ಒಂದಕ್ಕೆ ಇಳಿಸಹೊರಟರೆ ಕೋಡ್ ದೊಡ್ಡ k ಹುಡುಕಿ ಕೊಟ್ಟೀತು, ಇಲ್ಲವೇ 3ರೊಳಗೆ ಸಿಗದೆ ಎರರ್ ಕೊಟ್ಟೀತು. ಕೋಡಿನ ಕೊನೆಯ "- 1" ಅನ್ನು "- 4" ಮಾಡಿದರೆ ಸರಿಹೋಗುತ್ತದೆ, ಆದರೆ ಪಟ್ಟಿಯಲ್ಲಿ ಎಲ್ಲ ಟೀಮಿನ ಆಡ್ಸ್ ಇರಬೇಕು.